ಅಜ್ಜನ ತಲೆಯೋ, ಅಮ್ಮನ ಅಲಾರಾಮೋ?

ಕೇರಳಕ್ಕೆ ಸೇರಿದ ಕಾಸರಗೋಡಿನ ಪೆರ್ಲದ ಹತ್ತಿರ ಒಂದು ಮನೆಯಲ್ಲಿ ಪೂಜೆಯ ಊಟ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಎರಡು ದಿನ ಆಗಿತ್ತಷ್ಟೆ. ಆ ಮನೆಯ ಹುಡುಗಿಗೆ ಫುಲ್ ಎ ಪ್ಲಸ್. ಪಾಯಸ ಬರುವ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಹಿರಿಯರು ಹೇಳಿದರು: "ಅದು ಅವಳ ಅಜ್ಜನ ತಲೆ. ರಕ್ತದಲ್ಲೇ ಬಂದದ್ದು."

ಪಾಯಸದ ಪಾತ್ರೆ ಹಿಡಿದಿದ್ದ ಹುಡುಗಿಯ ಚಿಕ್ಕಮ್ಮ ಅಲ್ಲೇ ನಿಂತರು. "ಅಜ್ಜನ ತಲೆಯಂತೆ! ಬೆಳಿಗ್ಗೆ ನಾಲ್ಕಕ್ಕೆ ಅಲಾರಾಂ ಇಟ್ಟು ಎಬ್ಬಿಸಿದ್ದು ಅಜ್ಜನಾ ಮಾವ, ಅಕ್ಕನಾ?"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಹಿರಿಯರು ನನ್ನ ಕಡೆ ತಿರುಗಿ "ನೀವೇ ಹೇಳಿ ಮಾಸ್ಟ್ರೇ" ಎಂದರು. ನಾನು ಪಾಯಸ ಹಾಕಿಸಿಕೊಂಡು ಸುಮ್ಮನಾದೆ. ಎಲೆಯ ಮುಂದೆ ಕೂತು ಹೇಳಿ ಮುಗಿಸುವ ವಿಷಯ ಅದಲ್ಲ.

ತೊಂದರೆ ಏನು ಅಂದ್ರೆ, ಮಕ್ಕಳಿಗೆ ಜೀನ್ ಕೊಡುವವರೂ ಮನೆ ಕೊಡುವವರೂ ಸಾಮಾನ್ಯವಾಗಿ ಒಬ್ಬರೇ. ಪುಸ್ತಕ ಓದುವ ಅಪ್ಪನ ಮಗಳು ಚುರುಕಾಗಿದ್ದರೆ ಅದು ಅಪ್ಪನ ರಕ್ತವೋ, ಅಪ್ಪನ ಕಪಾಟೋ? ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಇರುವ ದಾರಿ ಕಡಿಮೆ. ಒಂದು ಅವಳಿಗಳು, ಇನ್ನೊಂದು ದತ್ತು ಮಕ್ಕಳು.

ಅವಳಿಗಳ ಲೆಕ್ಕ ನಮ್ಮ ತೋಟದವರಿಗೆ ಬೇಗ ತಲೆಗೆ ಹೋಗುತ್ತದೆ. ಕಾಳುಮೆಣಸಿನ ಒಂದೇ ಬಳ್ಳಿಯಿಂದ ಎರಡು ತುಂಡು ಕತ್ತರಿಸಿ ನೆಟ್ಟರೆ ಆ ಎರಡೂ ಬಳ್ಳಿಗಳ ಜೀನ್ ಒಂದೇ. ತದ್ರೂಪಿ ಅವಳಿಗಳೆಂದರೆ ಅದೇ. ಸಾಮಾನ್ಯ ಅವಳಿಗಳು ಮಾತ್ರ ಒಂದೇ ಮರದ ಎರಡು ಅಡಿಕೆಯಿಂದ ಎದ್ದ ಸಸಿಗಳಂತೆ. ಅಣ್ಣತಮ್ಮಂದಿರಷ್ಟೇ ಹತ್ತಿರ, ಅದಕ್ಕಿಂತ ಜಾಸ್ತಿ ಇಲ್ಲ. ಎರಡೂ ಬಗೆಯ ಅವಳಿಗಳು ಒಂದೇ ಮನೆಯಲ್ಲಿ, ಒಂದೇ ವಯಸ್ಸಿನಲ್ಲಿ ಬೆಳೆಯುತ್ತಾರೆ. ಹಾಗಾಗಿ ತದ್ರೂಪಿಗಳ ಐಕ್ಯೂ, ಅಂದರೆ ಬುದ್ಧಿ ಪರೀಕ್ಷೆಯ ಅಂಕ, ಒಂದಕ್ಕೊಂದು ಜಾಸ್ತಿ ಹೋಲುತ್ತಿದ್ದರೆ ಆ ಹೆಚ್ಚುವರಿ ಹೋಲಿಕೆ ಜೀನಿನದು ಎಂಬುದು ವಾದ.

ಹೋಲಿಕೆಯನ್ನು ಅಳೆಯುವ ಅಂಕಿಗೆ ಸಹಸಂಬಂಧ ಅನ್ನುತ್ತಾರೆ. ಸೊನ್ನೆ ಎಂದರೆ ಹೋಲಿಕೆ ಇಲ್ಲ, 1 ಎಂದರೆ ಪೂರ್ತಿ ತಾಳೆ. 1981ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಥಾಮಸ್ ಬುಶಾರ್ಡ್ ಮತ್ತು ಮ್ಯಾಟ್ ಮೆಗ್ಯೂ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರು. ಒಟ್ಟಿಗೆ ಬೆಳೆದ ತದ್ರೂಪಿಗಳಲ್ಲಿ 0.86 ಬಂತು, ಸಾಮಾನ್ಯ ಅವಳಿಗಳಲ್ಲಿ 0.60. ವ್ಯತ್ಯಾಸ 0.26. ಸಾಮಾನ್ಯ ಅವಳಿಗಳು ಅರ್ಧ ಜೀನ್ ಹಂಚಿಕೊಂಡಿರುವುದರಿಂದ ಇದನ್ನು ಎರಡರಿಂದ ಗುಣಿಸಬೇಕು. 0.52. "ಬುದ್ಧಿ ಅರ್ಧ ವಂಶದಿಂದ ಬರುತ್ತದೆ" ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಹೆಚ್ಚುಕಡಿಮೆ ಇಂಥ ಲೆಕ್ಕದಿಂದ ಬಂದದ್ದು.

ಆದರೆ ಆ ವಾಕ್ಯ ತಪ್ಪು. ಯಾವ ಮಗುವಿನ ಬುದ್ಧಿಯನ್ನೂ ಎರಡು ಪಾಲು ಮಾಡಿ ಇದು ಅಜ್ಜನದು, ಇದು ಅಲಾರಾಮಿನದು ಎಂದು ಇಡಲಾಗುವುದಿಲ್ಲ. ಆ ಅರ್ಧ ಇರುವುದು ಮಕ್ಕಳ ನಡುವಿನ ವ್ಯತ್ಯಾಸದಲ್ಲಿ. ಇವಳು ಅವನಿಗಿಂತ ಯಾಕೆ ಮುಂದಿದ್ದಾಳೆ ಎಂಬ ಪ್ರಶ್ನೆಗೆ ಅದು ಉತ್ತರ. ಇಬ್ಬರೂ ಎಷ್ಟು ಮುಂದೆ ಹೋಗಬಹುದಿತ್ತು ಎಂಬುದಕ್ಕೆ ಅಲ್ಲ.

ಇನ್ನೊಂದು ತಕರಾರೂ ಇದೆ. ತದ್ರೂಪಿಗಳನ್ನು ಎಲ್ಲರೂ ಒಂದೇ ರೀತಿ ನೋಡುತ್ತಾರೆ, ಒಂದೇ ಬಣ್ಣದ ಅಂಗಿ ಹೊಲಿಸುತ್ತಾರೆ. ಹಾಗಾದರೆ ಹೋಲಿಕೆ ಮನೆಯಿಂದಲೂ ಬಂದಿರಬಹುದಲ್ಲ? ಅದಕ್ಕೇ ಬುಶಾರ್ಡ್ 1979ರಿಂದ ಮಿನ್ನೆಸೋಟಾದಲ್ಲಿ ಎಳವೆಯಲ್ಲೇ ಬೇರೆಯಾದ ತದ್ರೂಪಿ ಅವಳಿಗಳನ್ನು ಹುಡುಕಿ ಪರೀಕ್ಷಿಸಿದರು. ಅವರಲ್ಲೂ ಅಂಕಿ ಸುಮಾರು 0.7. ಇದು ಸಣ್ಣದಲ್ಲ. ಆದರೂ ಬೇರೆಯಾಗಿ ಬೆಳೆದ ಅವಳಿಗಳು ಅರಮನೆ ಒಬ್ಬರು, ಗುಡಿಸಲು ಒಬ್ಬರು ಎಂದು ಹಂಚಿಹೋಗಿರಲಿಲ್ಲ. ಹೆಚ್ಚಿನವರು ಒಂದೇ ಬಗೆಯ ದೇಶ, ಒಂದೇ ಬಗೆಯ ಶಾಲೆ, ಹೆಚ್ಚುಕಡಿಮೆ ಒಂದೇ ಅಂತಸ್ತಿನ ಮನೆಗಳಲ್ಲಿ ಬೆಳೆದವರು.

(ಇದೇ ಕೆಲಸದಲ್ಲಿ ಬ್ರಿಟನ್ನಿನ ಸಿರಿಲ್ ಬರ್ಟ್ ಬಹಳ ದೊಡ್ಡ ಹೆಸರು. ಅವರ ಅವಳಿ ಜೋಡಿಗಳು 21 ಇದ್ದಾಗ ಅಂಕಿ 0.771. ಜೋಡಿಗಳು 53 ಆದಾಗಲೂ 0.771. ಹೊಸ ಜನ ಸೇರಿದ ಮೇಲೆ ಮೂರನೆಯ ದಶಮಾಂಶವೂ ಅಲ್ಲಾಡಲಿಲ್ಲ ಎಂದರೆ ಯಾವ ಲೆಕ್ಕದ ಮಾಸ್ಟ್ರಿಗೂ ಗುಮಾನಿ ಬರಬೇಕು. ಲಿಯಾನ್ ಕಾಮಿನ್ 1974ರಲ್ಲಿ ಅದನ್ನು ಎತ್ತಿ ತೋರಿಸಿದರು. ಈಗ ಬರ್ಟ್ ಅವರ ಅಂಕಿಗಳನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ.)

ನನಗೆ ಅವಳಿಗಳಿಗಿಂತ ಜಾಸ್ತಿ ಕಲಿಸಿದ್ದು ಅಮೆರಿಕದ ಅಯೋವಾದ ಒಂದು ಹಳೆಯ ದತ್ತು ಅಧ್ಯಯನ. ಮೇರಿ ಸ್ಕೋಡಾಕ್, ಹೆರಾಲ್ಡ್ ಸ್ಕೀಲ್ಸ್ ಎಂಬ ಇಬ್ಬರು ನೂರು ಮಕ್ಕಳ ಹಿಂದೆ ವರ್ಷಗಟ್ಟಲೆ ಹೋದರು. ಎಲ್ಲರೂ ಆರು ತಿಂಗಳು ತುಂಬುವ ಮೊದಲೇ ದತ್ತು ಹೋದವರು. ಕೊನೆಯ ವರದಿ 1949ರಲ್ಲಿ ಬಂತು. ಆಗ ಮಕ್ಕಳಿಗೆ ಸುಮಾರು ಹದಿಮೂರು ವರ್ಷ. 63 ಮಕ್ಕಳ ಹೆತ್ತ ತಾಯಂದಿರ ಐಕ್ಯೂ ಕೂಡ ಅವರ ಹತ್ತಿರ ಇತ್ತು.

ಮೊದಲು ಹೋಲಿಕೆ ನೋಡೋಣ. ಮಕ್ಕಳ ಐಕ್ಯೂ ತಾವು ಕಂಡೇ ಇರದ ಹೆತ್ತ ತಾಯಿಯ ಐಕ್ಯೂ ಜೊತೆ ಸುಮಾರು 0.4ರಷ್ಟು ಹೋಲುತ್ತಿತ್ತು. ಸಾಕಿದವರ ಓದಿನ ಜೊತೆ ಹೋಲಿಕೆ ಹೆಚ್ಚುಕಡಿಮೆ ಸೊನ್ನೆ. ಅಜ್ಜನ ತಲೆ ಗೆದ್ದಿತು, ಅಲ್ವಾ?

ಈಗ ಸರಾಸರಿ ನೋಡಿ. ಹೆತ್ತ ತಾಯಂದಿರದು 86. ಅವರ ಮಕ್ಕಳದು 106. ಇಪ್ಪತ್ತು ಅಂಕ ಮೇಲೆ! ಐಕ್ಯೂ ಅಳತೆಯಲ್ಲಿ 100 ಸಾಧಾರಣ, ಮೂರರಲ್ಲಿ ಎರಡು ಪಾಲು ಜನ 85 ಮತ್ತು 115ರ ನಡುವೆ ಇರುತ್ತಾರೆ. ಹಾಗಾಗಿ ಇಪ್ಪತ್ತು ಅಂದರೆ ಸಣ್ಣ ಮಾತಲ್ಲ. ಈಗ ಗೆದ್ದದ್ದು ಚಿಕ್ಕಮ್ಮ.

ಒಂದೇ ಮಕ್ಕಳು, ಒಂದೇ ಪರೀಕ್ಷೆ, ಎರಡು ಉತ್ತರ. ಇದು ಹೇಗೆ ಎಂಬುದು ನನಗೆ ನಮ್ಮದೇ ಒಂದು ಕ್ಲಾಸಿನಲ್ಲಿ ಅರ್ಥವಾಗಿತ್ತು. ಒಮ್ಮೆ ಗಣಿತದ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಬರಲೇ ಇಲ್ಲ. ಬಂದದ್ದು ಮಲಯಾಳದ್ದು. ಕೆಲವು ಮಕ್ಕಳ ಮನೆಮಾತು ತುಳು, ಕೆಲವರದು ಹವ್ಯಕ, ಕೆಲವರದು ಮರಾಠಿ. ಕಲಿಯುವುದು ಕನ್ನಡದಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಆದರೆ "ಒಂದು ಟ್ಯಾಂಕಿಗೆ ಎರಡು ಪೈಪು" ಎನ್ನುವಂಥ ಲೆಕ್ಕವನ್ನು ಓದಿ ಬಿಡಿಸುವಷ್ಟು ಬರುವುದಿಲ್ಲ. ಐವತ್ತಕ್ಕೆ 46 ತೆಗೆಯುತ್ತಿದ್ದ ಹುಡುಗಿ 38ಕ್ಕೆ ಇಳಿದಳು. ಇಪ್ಪತ್ತು ತೆಗೆಯುತ್ತಿದ್ದ ಹುಡುಗ 11. ಮಧ್ಯದವರೂ ಹಾಗೇ ಎಂಟೋ ಒಂಬತ್ತೋ ಅಂಕ ಕೆಳಗೆ. ರ‍್ಯಾಂಕ್ ಲಿಸ್ಟ್ ಬರೆದೆ. ಹಳೆಯ ಲಿಸ್ಟೇ ಮತ್ತೆ ಬರೆದ ಹಾಗಿತ್ತು!

ಸಹಸಂಬಂಧ ನೋಡುವುದು ಆ ಸಾಲನ್ನು ಮಾತ್ರ. ಯಾರ ಮುಂದೆ ಯಾರು, ಎಷ್ಟು ಮುಂದೆ. ಇಡೀ ಸಾಲನ್ನು ಅಂಗಳದಿಂದ ಜಗಲಿಗೆ ಹತ್ತಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಅಯೋವಾದ ಮಕ್ಕಳು ಎಲ್ಲರೂ ಒಟ್ಟಿಗೆ ಜಗಲಿ ಹತ್ತಿದ್ದರು. ಜಗಲಿಯ ಮೇಲೂ ಸಾಲು ಸ್ವಲ್ಪಮಟ್ಟಿಗೆ ತಾಯಂದಿರ ಸಾಲಿನಂತೆಯೇ ಇತ್ತು. ಸಾಕಿದವರ ಓದಿಗೆ ಸೊನ್ನೆ ಬಂದದ್ದಕ್ಕೂ ಕಾರಣ ಸರಳ. ದತ್ತು ಕೊಡುವವರು ಮನೆ ನೋಡಿಯೇ ಕೊಡುತ್ತಾರೆ. ಎಲ್ಲ ಮನೆಗಳೂ ಚೆನ್ನಾಗಿದ್ದರೆ ಮನೆಯಿಂದ ವ್ಯತ್ಯಾಸ ಹುಟ್ಟುವುದು ಎಲ್ಲಿಂದ?

ಹಾಗಂತ ಇಪ್ಪತ್ತನ್ನೂ ಚಿಕ್ಕಮ್ಮನ ಖಾತೆಗೆ ಹಾಕುವ ಹಾಗಿಲ್ಲ. ಅಪ್ಪಂದಿರ ಐಕ್ಯೂ ಇರಲಿಲ್ಲ. ಅವರನ್ನು ಸಾಧಾರಣ, ಅಂದರೆ 100 ಎಂದು ಇಟ್ಟುಕೊಳ್ಳಿ. ಅಪ್ಪ ಅಮ್ಮನ ಸರಾಸರಿ 93 ಆಗುತ್ತದೆ, ನೂರಕ್ಕಿಂತ 7 ಕಡಿಮೆ. ಮಕ್ಕಳಿಗೆ ಇಳಿದು ಬರುವುದು ಆ ಏಳರ ಅರ್ಧ ಎಂದುಕೊಂಡರೆ, ಯಾವ ವಿಶೇಷ ಮನೆಯೂ ಇಲ್ಲದೆ ಈ ಮಕ್ಕಳು 96, 97ಕ್ಕೆ ಬರುತ್ತಿದ್ದರು. ಮತ್ತೆ ತಾಯಂದಿರ ಪರೀಕ್ಷೆ ನಡೆದದ್ದು ಅವರ ಬದುಕಿನ ಕೆಟ್ಟ ಗಳಿಗೆಯಲ್ಲಿ. ಅವರ ನಿಜವಾದ ಮಟ್ಟ 86ಕ್ಕಿಂತ ಮೇಲೆಯೇ ಇದ್ದಿರಬಹುದು. ಇದನ್ನೆಲ್ಲ ಕಳೆದರೆ ಮನೆಯ ಪಾಲಿಗೆ ಹತ್ತರ ಸುತ್ತಮುತ್ತ ಉಳಿಯುತ್ತದೆ. ನನ್ನ ಪ್ರಕಾರ ಅದೇ ನಂಬಬಹುದಾದ ಅಂಕಿ.

ಫ್ರಾನ್ಸಿನ ಮಿಶೆಲ್ ಡ್ಯೂಮ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒತ್ತು ಕೊಡುತ್ತದೆ. ಅದರಲ್ಲಿದ್ದದ್ದು 65 ಮಕ್ಕಳು. ಚಿಕ್ಕಂದಿನಲ್ಲಿ ಪೆಟ್ಟು, ಅಲಕ್ಷ್ಯ ಕಂಡು, ನಾಲ್ಕರಿಂದ ಆರು ವರ್ಷದ ಒಳಗೆ ದತ್ತು ಹೋದವರು. ಮೊದಲು ಅವರ ಸರಾಸರಿ ಐಕ್ಯೂ 77. ಹರೆಯಕ್ಕೆ ಬಂದಾಗ ಬಡ ದುಡಿಮೆಗಾರರ ಮನೆಗೆ ಹೋದವರು 85ರ ಹತ್ತಿರ, ಅನುಕೂಲಸ್ಥರ ಮನೆಗೆ ಹೋದವರು 98ರ ಹತ್ತಿರ. ಇಲ್ಲಿ ಮನೆಗಳ ನಡುವೆ ವ್ಯತ್ಯಾಸ ಇತ್ತು, ಹಾಗಾಗಿ ಅದು ಕಣ್ಣಿಗೆ ಬಿತ್ತು. ಆದರೆ ಮೊದಲು ಮುಂದಿದ್ದ ಮಕ್ಕಳು ಆಮೇಲೂ ಮುಂದಿರುವ ಒಲವು ಅಲ್ಲೂ ಇತ್ತು. ಮತ್ತೆ ಅದೇ ಕಥೆ, ಅಂಗಳದಿಂದ ಜಗಲಿಗೆ.

ಅಂದರೆ 0.52 ಎಂಬುದು ಗುರುತ್ವಾಕರ್ಷಣೆಯಂತೆ ಎಲ್ಲ ಕಡೆಗೂ ಒಂದೇ ಅಲ್ಲ. ನಮ್ಮ ಕಡೆ ಗುಡ್ಡ ಕೊರೆದ ಸುರಂಗದಲ್ಲಿ ಮೇ ತಿಂಗಳಲ್ಲೂ ನೀರು ಹರಿಯುವ ತೋಟಗಳಿವೆ. ಅಂಥ ತೋಟದಲ್ಲಿ ಒಂದು ಅಡಿಕೆ ಮರಕ್ಕೂ ಇನ್ನೊಂದಕ್ಕೂ ಫಸಲು ಯಾಕೆ ಬೇರೆ ಎಂದು ಕೇಳಿದರೆ ಉತ್ತರ ಸಸಿಯ ಗುಣ. ಮಾರ್ಚಿಗೇ ಸುರಂಗ ಒಣಗುವ ತೋಟದಲ್ಲಿ ಅದೇ ಪ್ರಶ್ನೆ ಕೇಳಿ. ಉತ್ತರ ಯಾವ ಮರ ನೀರಿನ ಹತ್ತಿರ ಇತ್ತು ಎಂಬುದು. ಎರಿಕ್ ಟರ್ಕ್‌ಹೈಮರ್ 2003ರಲ್ಲಿ ಏಳು ವರ್ಷದ ಅಮೆರಿಕನ್ ಅವಳಿಗಳಲ್ಲಿ ಕಂಡದ್ದು ಹೆಚ್ಚುಕಡಿಮೆ ಇದನ್ನೇ. ಉಳ್ಳವರ ಮನೆಗಳಲ್ಲಿ ಮಕ್ಕಳ ನಡುವಿನ ವ್ಯತ್ಯಾಸದ ಶೇಕಡಾ 70ರಷ್ಟು ಜೀನಿನ ಪಾಲು, ಕಡುಬಡವರಲ್ಲಿ ಶೇಕಡಾ 10. ಆಮೇಲೆ ಯುರೋಪಿನಲ್ಲಿ, ಆಸ್ಟ್ರೇಲಿಯಾದಲ್ಲಿ ಹುಡುಕಿದಾಗ ಈ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ಬಡವರಿಗೂ ಶಾಲೆ, ಆಸ್ಪತ್ರೆ ಹೆಚ್ಚು ಸಮನಾಗಿ ಸಿಗುವುದು ಕಾರಣ ಇರಬಹುದು ಎಂದು ಸಂಶೋಧಕರ ಊಹೆ. ಸುರಂಗ ಎಲ್ಲರ ತೋಟಕ್ಕೂ ಹರಿದರೆ ಮತ್ತೆ ಸಸಿಯ ಗುಣವೇ ಎದ್ದು ಕಾಣುತ್ತದಲ್ಲ, ಹಾಗೆ.

ಆ ಮಲಯಾಳ ಪ್ರಶ್ನೆಪತ್ರಿಕೆಯ ಕಥೆ ಪೂರ್ತಿ ಹೇಳಲಿಲ್ಲ. ಹೆತ್ತವರು ಗಲಾಟೆ ಮಾಡಿದರು. ಮುಂದಿನ ಪರೀಕ್ಷೆಗೆ ಕನ್ನಡದ್ದೇ ಬಂತು. ಹುಡುಗಿ ಮತ್ತೆ 46, ಮತ್ತೆ ಮೊದಲನೆಯವಳು. ಹುಡುಗ ಮತ್ತೆ ಕೊನೆಯವನೇ. ಆದರೆ ಪಾಸಾಗಲು 15 ಸಾಕಿತ್ತು, ಅವನಿಗೆ 21 ಬಂದಿತ್ತು.