ಎಂಬತ್ತು ಅಕ್ಷರ ಎಂದರೆ ಕನ್ನಡಕ್ಕೆ ಎಷ್ಟು?

ಕನ್ನಡದ ಪದ ಆಟವೊಂದಕ್ಕೆ ಪ್ಲೇ ಸ್ಟೋರ್ ವಿವರಣೆ ಬರೆದುಕೊಡಿ ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಆಟವನ್ನೇ ಕಳಿಸಿ ಎನ್ನುತ್ತೇನೆ. ಕಳಿಸಿದ ಆಟದಲ್ಲಿ ‘ಪುಸ್ತಕ’ ಎಂಬ ಪದಕ್ಕೆ ಎಷ್ಟು ಮನೆ ಕೊಟ್ಟಿದ್ದಾರೆ ಎಂದು ನೋಡುತ್ತೇನೆ. ವಿವರಣೆಯಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಕನ್ನಡ ಓದುವ ಯಾರಿಗಾದರೂ ಪುಸ್ತಕ ಮೂರಕ್ಷರದ ಪದ: ಪು, ಸ್ತ, ಕ. ಕಂಪ್ಯೂಟರಿಗೆ ಹಾಗಲ್ಲ. ಯುನಿಕೋಡ್‌ನಲ್ಲಿ ಪ ಒಂದು, ಅದರ ಕೊಂಬು ಇನ್ನೊಂದು, ಸ, ಹಲಂತ ಚಿಹ್ನೆ, ತ, ಕ. ಒಟ್ಟು ಆರು. ಪೈಥಾನ್‌ನಲ್ಲಿ ಕೇಳಿದರೂ ಇದೇ ಉತ್ತರ:

```
>>> len("ಪುಸ್ತಕ")
6
```

ಬೇರೆ ಭಾಷೆಗೆಂದು ಬರೆದ ಕೋಡ್‌ಗೆ ಕನ್ನಡದ ಪದಪಟ್ಟಿಯನ್ನು ಹಾಗೆಯೇ ತುಂಬಿದರೆ, ಆಟ ಪುಸ್ತಕಕ್ಕೆ ಆರು ಮನೆ ಕೊಡುತ್ತದೆ. ಒಂದು ಮನೆಯಲ್ಲಿ ಕೊಂಬು ಮಾತ್ರ ಚುಕ್ಕಿ ವೃತ್ತಕ್ಕೆ ಅಂಟಿಕೊಂಡು ಒಂಟಿಯಾಗಿ ಕೂತಿರುತ್ತದೆ. ಇಂಥ ಆಟಕ್ಕೆ ನಾನು ವಿವರಣೆ ಬರೆಯುವುದಿಲ್ಲ, ಮೊದಲು ಇದನ್ನು ಸರಿಮಾಡಿ ಎಂದು ವಾಪಸು ಕಳಿಸುತ್ತೇನೆ. ಸ್ಕ್ರೀನ್‌ಶಾಟ್‌ನಲ್ಲೇ ಆ ಒಂಟಿ ಕೊಂಬು ಕಾಣುತ್ತದೆ. ಅದನ್ನು ಕಂಡ ಮೇಲೆ ಕನ್ನಡ ಬಲ್ಲವರು ನಮ್ಮ ಮಾತನ್ನು ಓದುವುದೇ ಇಲ್ಲ.

ಇದೇ ಲೆಕ್ಕ ವಿವರಣೆಗೂ ಅನ್ವಯಿಸುತ್ತದೆ. ಪ್ಲೇ ಸ್ಟೋರ್ ಆ್ಯಪ್‌ನ ಹೆಸರಿಗೆ 30, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4,000 ಅಕ್ಷರಗಳ ಮಿತಿ ಇಟ್ಟಿದೆ. ಈ ಅಕ್ಷರಗಳೂ ಯುನಿಕೋಡ್ ಲೆಕ್ಕದವು, ನಮ್ಮ ವರ್ಣಮಾಲೆಯವಲ್ಲ. ಮೂರರಲ್ಲಿ ಹೆಚ್ಚು ಕೆಲಸ ಬೇಡುವುದು ನಡುವಿನದು. ಪೂರ್ಣ ವಿವರಣೆಯನ್ನು ಓದಬೇಕಾದರೆ ಮತ್ತೊಮ್ಮೆ ಒತ್ತಿ ತೆರೆಯಬೇಕು, ಕಿರು ವಿವರಣೆ ಪುಟದಲ್ಲೇ ಕಣ್ಣಿಗೆ ಬೀಳುತ್ತದೆ.

ಇತ್ತೀಚೆಗೆ ಒಂದು ಚಿಕ್ಕ ತಂಡ ತಾವೇ ಬರೆದಿದ್ದ ಕಿರು ವಿವರಣೆಯನ್ನು ತಿದ್ದಲು ಕಳಿಸಿತ್ತು: “ಅತ್ಯುತ್ತಮ ಕನ್ನಡ ಶಬ್ದ ಒಗಟು ಆಟವನ್ನು ಆಡಿ ಮತ್ತು ನಿಮ್ಮ ಶಬ್ದಕೋಶವನ್ನು ವಿಸ್ತರಿಸಿಕೊಳ್ಳಿ!” ಬೆರಳೆಣಿಸಿ ನೋಡಿದರೆ 34 ಅಕ್ಷರ. ಸ್ಟೋರ್ ಲೆಕ್ಕದಲ್ಲಿ, ನಡುವಿನ ಖಾಲಿ ಜಾಗ ಮತ್ತು ಕೊನೆಯ ಚಿಹ್ನೆ ಸೇರಿ, ಅದು 79. “ಇನ್ನೊಂದು ಮಾತು ಸೇರಿಸೋಣ ಅಂದ್ರೆ ಜಾಗವೇ ಇಲ್ಲ ಮೇಡಂ” ಎಂದರು ಅವರು. ಜಾಗ ಇತ್ತು, ಬೇಡದ ಮಾತು ಅದನ್ನು ಹಿಡಿದುಕೊಂಡಿತ್ತು.

‘ವಿಸ್ತರಿಸಿಕೊಳ್ಳಿ’ ಒಂದೇ 15 ನುಂಗುತ್ತದೆ. ‘ಶಬ್ದಕೋಶವನ್ನು’ 12. ‘ಅತ್ಯುತ್ತಮ’ 9. ಈ ಕೊನೆಯದಂತೂ ಆ್ಯಪ್‌ನ ಹೆಸರಿನಲ್ಲಿದ್ದರೆ ಪ್ಲೇ ಸ್ಟೋರ್ ನಿಯಮವೇ ಒಪ್ಪುವುದಿಲ್ಲ. ಕಿರು ವಿವರಣೆಯಲ್ಲಿದ್ದರೂ ಓದುವವರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಒತ್ತಕ್ಷರ ಹೆಚ್ಚಿದಷ್ಟೂ ಲೆಕ್ಕ ಏರುತ್ತದೆ, ಏಕೆಂದರೆ ಪ್ರತಿ ಒತ್ತಿಗೂ ಕಾಣದ ಹಲಂತ ಚಿಹ್ನೆಯೊಂದು ಸೇರಿಕೊಳ್ಳುತ್ತದೆ. ಹಾಗಾಗಿ ಸಂಸ್ಕೃತದಿಂದ ಬಂದ ಉದ್ದ ಪದಗಳಿಗಿಂತ ಅಚ್ಚಗನ್ನಡದ ಚಿಕ್ಕ ಕ್ರಿಯಾಪದಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ. ‘ವನ್ನು’ ಪ್ರತ್ಯಯಕ್ಕೇ ಐದು ಜಾಗ ಬೇಕು. ಬಾಯಿಮಾತಿನಲ್ಲಿ ನಾವು ಅದನ್ನು ಎಷ್ಟೋ ಕಡೆ ಬಿಟ್ಟೇ ಮಾತಾಡುತ್ತೇವೆ, ಇಲ್ಲೂ ಬಿಡಬಹುದು.

ಅವರ ಆಟದಲ್ಲಿ ಅಕ್ಷರಗಳು ವೃತ್ತಾಕಾರವಾಗಿ ನಿಂತಿರುತ್ತವೆ, ಆಡುವವರು ಬೆರಳನ್ನು ಒಂದರಿಂದ ಇನ್ನೊಂದಕ್ಕೆ ಎಳೆದು ಪದ ಮಾಡುತ್ತಾರೆ. ಒತ್ತಕ್ಷರವನ್ನು ಒಡೆಯದೆ ಒಂದೇ ಮನೆಯಲ್ಲಿ ಇಟ್ಟಿದ್ದರು, ‘ಪುಸ್ತಕ’ಕ್ಕೆ ಸರಿಯಾಗಿ ಮೂರು ಮನೆ. ಇಷ್ಟು ಶ್ರಮಪಟ್ಟು ಮಾಡಿದ್ದನ್ನು ವಿವರಣೆಯಲ್ಲಿ ಹೇಳಿರಲೇ ಇಲ್ಲ. ಕೊನೆಗೆ ನಾವು ಒಪ್ಪಿದ್ದು ಇದು:

“ಬೆರಳಾಡಿಸಿ ಅಕ್ಷರ ಪೋಣಿಸಿ, ಕನ್ನಡ ಪದ ಕಟ್ಟಿ. ಒತ್ತಕ್ಷರಕ್ಕೂ ಒಂದೇ ಮನೆ. ನೆಟ್ ಬೇಕಿಲ್ಲ.”

ಸ್ಟೋರ್ ಲೆಕ್ಕದಲ್ಲಿ 76. ಆಡುವುದು ಹೇಗೆ, ಕನ್ನಡದ ಲಿಪಿಯನ್ನು ಹೇಗೆ ನಡೆಸಿಕೊಂಡಿದ್ದಾರೆ, ಸಿಗ್ನಲ್ ಇಲ್ಲದ ಕಡೆ ಆಡಬಹುದೇ ಎಂಬ ಮೂರೂ ಅದರೊಳಗಿದೆ. ಪ್ರಯಾಣದಲ್ಲಿ ಹೊತ್ತು ಕಳೆಯಲು ಆಡುವ ಆಟಕ್ಕೆ ಕೊನೆಯ ಮಾತು ಚಿಕ್ಕದಲ್ಲ.

ಎಣಿಕೆಯಲ್ಲಿ ಒಂದು ಎಚ್ಚರ. ‘ಸಾಫ್ಟ್‌ವೇರ್’ನಂಥ ಪದದಲ್ಲಿ ಟ ಕೆಳಗೆ ವ ಒತ್ತು ಬೀಳದಂತೆ ತಡೆಯಲು ಕೀಬೋರ್ಡು ನಡುವೆ ಕಾಣದ ಚಿಹ್ನೆಯೊಂದನ್ನು ಇಡುತ್ತದೆ. ಅದೂ ಲೆಕ್ಕಕ್ಕೆ ಬರುತ್ತದೆ. ಕಣ್ಣಿಗೆ ಸರಿಯಿದ್ದರೂ ಮಿತಿಗಿಂತ ಒಂದು ಹೆಚ್ಚು ತೋರಿಸಿದರೆ ಇಂಥದ್ದು ಎಲ್ಲಾದರೂ ಕೂತಿದೆಯೇ ಎಂದು ಹುಡುಕಿ.

ಇನ್ನು ಪೂರ್ಣ ವಿವರಣೆ. ಇದರಲ್ಲಿ ಬಹುತೇಕರು ಬಿಟ್ಟುಬಿಡುವ ಒಂದು ಸಾಲಿದೆ. ನನ್ನ ಪ್ರಕಾರ ಕನ್ನಡದ ಪದ ಆಟಕ್ಕೆ ಅದೇ ಅತಿ ಮುಖ್ಯ ಸಾಲು: ಈ ಆಟದಲ್ಲಿ ಪದ ಎಂದರೆ ಯಾವುದು?

ವೃತ್ತದಲ್ಲಿ ಮ, ರ, ದ ಎಂಬ ಮೂರು ಅಕ್ಷರ ಇವೆ ಎನ್ನಿ. ಮರ ಸಿಗುತ್ತದೆ, ದರ ಸಿಗುತ್ತದೆ, ಮದ ಸಿಗುತ್ತದೆ. ಆಡುವವರು ಮೂರನ್ನೂ ಬಳಸಿ ‘ಮರದ’ ಎಂದು ಎಳೆಯುತ್ತಾರೆ. ಆಟ ತಪ್ಪು ಎನ್ನುತ್ತದೆ. ‘ಮರದ ಕೊಂಬೆ’ ಎಂದು ದಿನವೂ ಹೇಳುವವರಿಗೆ ಅದು ಹೇಗೆ ತಪ್ಪಾದೀತು? ಪಟ್ಟಿಯನ್ನು ನಿಘಂಟಿನಿಂದ ತೆಗೆದಿದ್ದರೆ ಅದರಲ್ಲಿ ಮರ ಮಾತ್ರ ಇರುತ್ತದೆ, ಮರದ, ಮರಕ್ಕೆ, ಮರದಿಂದ ಇರುವುದಿಲ್ಲ. ಕನ್ನಡದ ನಾಮಪದ ಹೀಗೆ ಹತ್ತಾರು ರೂಪ ತಾಳುತ್ತದೆ, ಎಲ್ಲವನ್ನೂ ಒಪ್ಪಿಕೊಂಡರೆ ಒಗಟು ಒಗಟಾಗಿ ಉಳಿಯುವುದಿಲ್ಲ. ಒಪ್ಪದಿರುವುದೇ ಸರಿಯಾದ ತೀರ್ಮಾನ, ಆದರೆ ಅದನ್ನು ಮುಂಚೆಯೇ ಹೇಳಬೇಕು. ಹೇಳದಿದ್ದರೆ ‘ಇವರಿಗೆ ಕನ್ನಡವೇ ಬರುವುದಿಲ್ಲ’ ಎಂಬ ಒಂದು ನಕ್ಷತ್ರದ ವಿಮರ್ಶೆ ಬರುತ್ತದೆ. ಈ ತಂಡಕ್ಕೂ ಪರೀಕ್ಷೆಗೆ ಆಡಿದವರಿಂದ ಬಂದ ದೂರುಗಳಲ್ಲಿ ಹೆಚ್ಚಿನವು ಇದೇ ಬಗೆಯವು.

ವ್ಯಾಕರಣದ ಮಾತಿನಲ್ಲಿ ‘ವಿಭಕ್ತಿ ಪ್ರತ್ಯಯ ಸೇರಿದ ರೂಪಗಳನ್ನು ಪರಿಗಣಿಸುವುದಿಲ್ಲ’ ಎಂದು ಬರೆಯುವ ಅಗತ್ಯವಿಲ್ಲ. ನಾವು ಬರೆದದ್ದು ಹೀಗೆ: “ಮರ ಎಂದರೆ ಸರಿ, ಮರದ ಎಂದರೆ ಆಟ ಒಪ್ಪದು. ಪದ ಯಾವಾಗಲೂ ಮೂಲ ರೂಪದಲ್ಲಿರಲಿ. ಬಸ್ಸು, ಪೆನ್ನು ಇವೆ. ಊರು, ವ್ಯಕ್ತಿಗಳ ಹೆಸರು ಇಲ್ಲ.” ಬಸ್, ಬಸ್ಸು ಎರಡನ್ನೂ ಜನ ಬರೆಯುತ್ತಾರೆ, ಆದ್ದರಿಂದ ಪಟ್ಟಿಯಲ್ಲಿರುವ ರೂಪವನ್ನೇ ಉದಾಹರಣೆಯಾಗಿ ಕೊಟ್ಟೆವು. ಈ ಸಾಲುಗಳನ್ನು ಪೂರ್ಣ ವಿವರಣೆಯ ಎರಡನೇ ಪ್ಯಾರಾದಲ್ಲೇ ಇಟ್ಟೆವು, ಕೆಳಗೆ ಎಲ್ಲೋ ಅಲ್ಲ.

ಹೆಸರಿನ ವಿಷಯದಲ್ಲಿ ನಮ್ಮಲ್ಲಿ ಒಂದು ವಾದ ನಡೆಯಿತು. ಜನ ‘ಪದಬಂಧ’ ಎಂದು ಹುಡುಕುತ್ತಾರೆ, ಅದನ್ನೇ ಹಾಕೋಣ ಎಂದರು. ಪತ್ರಿಕೆ ಓದಿ ಬೆಳೆದವರಿಗೆ ಪದಬಂಧ ಎಂದರೆ ಕಪ್ಪು ಬಿಳಿ ಚೌಕ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಪ್ರತಿ ಪದಕ್ಕೂ ಒಂದು ಸುಳಿವು. ಈ ಆಟದಲ್ಲಿ ಸುಳಿವೇ ಇಲ್ಲ. ಪದಬಂಧ ಹುಡುಕಿ ಬಂದವರು ಎರಡು ನಿಮಿಷದಲ್ಲಿ ತೆಗೆದುಹಾಕುತ್ತಾರೆ. ವಿವರಣೆಯ ಕೊನೆಯಲ್ಲಿ ಪದಬಂಧ, ಪದ ಆಟ, ಶಬ್ದ ಆಟ ಎಂದು ಸಾಲಾಗಿ ಸುರಿಯುವ ಯೋಚನೆಯೂ ಇತ್ತು. ಹೀಗೆ ಹುಡುಕುಪದಗಳ ಪಟ್ಟಿ ತುಂಬುವುದನ್ನು ಸ್ಟೋರ್ ನಿಯಮ ನಿಷೇಧಿಸುತ್ತದೆ, ಹೆಸರಿಲ್ಲದ ಬಳಕೆದಾರರ ಹೊಗಳಿಕೆ ಅಂಟಿಸುವುದನ್ನೂ ಕೂಡ. ಹೆಸರಿಗೆ ‘ಪದ ಪೋಣಿಸಿ’ ಎಂಬ ಎರಡು ಮಾತು, ಅದರ ಪಕ್ಕ ‘ಕನ್ನಡ’ ಎಂದಿಟ್ಟೆವು. ಮೂವತ್ತರ ಮಿತಿಯಲ್ಲಿ ಅರ್ಧ ಜಾಗ ಖಾಲಿ ಉಳಿಯಿತು, ಅದನ್ನು ತುಂಬಲಿಲ್ಲ.