ಆರು ಮೀಟರ್ ದೂರದಿಂದ ಓದುವ ಪೋಸ್ಟರ್

ಶಾಲಾ ವಾರ್ಷಿಕೋತ್ಸವದ ಪೋಸ್ಟರಿನಲ್ಲಿ ಇರುವ ವಿಷಯ ಹೆಚ್ಚೇನಲ್ಲ: ಶಾಲೆಯ ಹೆಸರು, ಶೀರ್ಷಿಕೆ, ದಿನಾಂಕ, ಸ್ಥಳ, ಕೆಳಗೆ ಪ್ರಾಯೋಜಕರ ಲೋಗೊಗಳು. ಆದರೂ ಹಾದುಹೋಗುವವರ ಕಣ್ಣಿಗೆ ಬಣ್ಣಬಣ್ಣದ ಲೋಗೊ ಬಿದ್ದು, ಕಾರ್ಯಕ್ರಮ ಯಾವ ದಿನ ಎಂಬುದು ಬೀಳದೆ ಹೋಗುವುದು ಸಾಮಾನ್ಯ. ಇದನ್ನು ಅಭಿರುಚಿಯ ದೋಷವೆಂದು ಹೇಳುವುದುಂಟು. ನನ್ನ ಮಟ್ಟಿಗೆ ಇದು ಮೊದಲಿಗೆ ದೂರದ ಲೆಕ್ಕ, ಅಭಿರುಚಿಯ ಮಾತು ಆಮೇಲಿನದು.

ನಮ್ಮ ದೃಷ್ಟಿ ಎಲ್ಲ ಕಡೆ ಒಂದೇ ತೆರನಾಗಿ ಚುರುಕಾಗಿರುವುದಿಲ್ಲ. ಅಕ್ಷಿಪಟಲದ ನಡುವೆ ಇರುವ ಫೋವಿಯಾ ಎಂಬ ಪುಟ್ಟ ಭಾಗದಲ್ಲಿ ಬಿಂಬ ಬಿದ್ದಾಗ ಮಾತ್ರ ಅಕ್ಷರದ ಸೂಕ್ಷ್ಮ ಗೆರೆಗಳು ಸ್ಪಷ್ಟವಾಗುತ್ತವೆ, ಮತ್ತು ಹಾಗೆ ಅತ್ಯಂತ ಸ್ಪಷ್ಟವಾಗಿ ಕಾಣುವ ವಲಯದ ಅಗಲ ಸುಮಾರು 2 ಡಿಗ್ರಿ. ಮೂರು ಮೀಟರ್ ದೂರದಲ್ಲಿ ಇದು ಹತ್ತು ಸೆಂಟಿಮೀಟರಿನಷ್ಟು ಜಾಗ. ಎ2 ಅಳತೆಯ ಪೋಸ್ಟರಿನ ಅಗಲ 42 ಸೆಂಟಿಮೀಟರ್ ಇರುವುದರಿಂದ, ಅದನ್ನು ಒಂದೇ ನೋಟದಲ್ಲಿ ಓದಲು ಯಾರಿಂದಲೂ ಆಗದು. ಕಣ್ಣು ಜಿಗಿಯುತ್ತ ಹೋಗುತ್ತದೆ. ಮುಂದಿನ ಜಿಗಿತ ಎಲ್ಲಿಗೆ ಎಂಬುದನ್ನು ಅಂಚಿನ ಮಸುಕು ದೃಷ್ಟಿಗೆ ಕಂಡ ಗಾತ್ರ, ಕಪ್ಪುಬಿಳುಪಿನ ಅಂತರ ಮತ್ತು ಬಣ್ಣ ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಅಕ್ಷರಗಳ ಶ್ರೇಣಿ ಎಂದರೆ ಈ ಜಿಗಿತಗಳ ಅನುಕ್ರಮವನ್ನು ಮೊದಲೇ ಗೊತ್ತುಮಾಡುವುದು.

ಹಾಗಾದರೆ ಅಕ್ಷರ ಎಷ್ಟು ದೊಡ್ಡದಿರಬೇಕು? ಕಣ್ಣಿನ ವೈದ್ಯರು 6/6 ಎಂದು ಕರೆಯುವ ದೃಷ್ಟಿಯುಳ್ಳವರು ಆರು ಮೀಟರ್ ದೂರದಲ್ಲಿ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಬಲ್ಲರು. ಆದರೆ ಅದು ಒಳ್ಳೆಯ ಬೆಳಕಿನಲ್ಲಿ, ನಿಂತು, ಗಮನವಿಟ್ಟು ನೋಡಿದಾಗಿನ ಕೊನೆಯ ಮಿತಿ. ನಡೆಯುತ್ತ ಓದುವವರಿಗೆ ಮೂರು ಪಟ್ಟಿಗೂ ಹೆಚ್ಚು ಬೇಕು. ದೂರದ ಇನ್ನೂರನೇ ಒಂದು ಭಾಗ, ಅಂದರೆ ಒಂದು ಮೀಟರಿಗೆ 5 ಮಿಲಿಮೀಟರ್ ಎಂಬ ಲೆಕ್ಕ ಹಿಡಿದರೆ ಸಾಕಷ್ಟು ಸುರಕ್ಷಿತ. ಕನ್ನಡದಲ್ಲಿ ಈ ಉದಾರತೆ ಇನ್ನೂ ಅಗತ್ಯ, ಏಕೆಂದರೆ ನಮ್ಮ ಅಕ್ಷರಗಳಲ್ಲಿ ಒಳಗೆರೆಗಳು ಹೆಚ್ಚು: ‘ಪ’ ಮತ್ತು ‘ಷ’ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದೇ ಗೆರೆ.

ಎ2 ಪೋಸ್ಟರ್ ಒಂದನ್ನೇ ತೆಗೆದುಕೊಳ್ಳೋಣ. ಶೀರ್ಷಿಕೆ ಆರು ಮೀಟರಿನಿಂದ, ದಿನಾಂಕ ಮೂರು ಮೀಟರಿನಿಂದ, ಸ್ಥಳ ಮತ್ತು ಸಮಯ ಎರಡು ಮೀಟರಿನಿಂದ, ಉಳಿದ ವಿವರ ಹತ್ತಿರ ಬಂದವರಿಗೆ ಕಾಣಬೇಕು ಎಂದುಕೊಂಡರೆ ಕನಿಷ್ಠ ಎತ್ತರಗಳು ಕ್ರಮವಾಗಿ 30, 15, 10 ಮತ್ತು 5 ಮಿಲಿಮೀಟರ್ ಆಗುತ್ತವೆ. ಇದು ಒತ್ತು, ಗುಣಿತಗಳನ್ನು ಬಿಟ್ಟು ಮೂಲಾಕ್ಷರದ ಎತ್ತರ. ಪಾಯಿಂಟ್ ಲೆಕ್ಕದಲ್ಲಿ ಹೇಳಿದರೆ ಮೋಸಹೋಗುವ ಸಾಧ್ಯತೆಯಿದೆ: ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗವೇ ಆದರೂ, ಫಾಂಟಿನ ಗಾತ್ರದಲ್ಲಿ ಮೂಲಾಕ್ಷರ ಎಷ್ಟು ಪಾಲು ಪಡೆಯುತ್ತದೆ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ಅರ್ಧದಷ್ಟು ಪಡೆಯುವ ಫಾಂಟಿನಲ್ಲಿ 30 ಮಿಲಿಮೀಟರಿಗೆ ಸುಮಾರು 170 ಪಾಯಿಂಟ್ ಬೇಕಾಗುತ್ತದೆ. ಆದ್ದರಿಂದ ಒಂದು ಸಾಲು ಮುದ್ರಿಸಿ ಅಳತೆಪಟ್ಟಿ ಹಿಡಿಯುವುದೇ ನೇರ ದಾರಿ.

ಕನಿಷ್ಠಕ್ಕೇ ನಿಲ್ಲದೆ ಶೀರ್ಷಿಕೆಗೆ 36, ದಿನಾಂಕಕ್ಕೆ 18, ಸ್ಥಳ ಮತ್ತು ಸಮಯಕ್ಕೆ 10, ಉಳಿದುದಕ್ಕೆ 6 ಮಿಲಿಮೀಟರ್ ಇಡೋಣ. ಪ್ರತಿ ಮೆಟ್ಟಿಲೂ ಮುಂದಿನದಕ್ಕಿಂತ ಒಂದೂವರೆ ಪಟ್ಟಾದರೂ ದೊಡ್ಡದಿದೆ ಎಂಬುದನ್ನು ಗಮನಿಸಬೇಕು. ಶಾಲೆಯ ಹೆಸರು 28, ಶೀರ್ಷಿಕೆ 32, ದಿನಾಂಕ 26 ಎಂದಿಟ್ಟರೆ ಎಲ್ಲವೂ ದೂರದಿಂದ ಓದಲು ಸಾಲುವಷ್ಟು ದೊಡ್ಡವೇ, ಆದರೆ ಶ್ರೇಣಿ ಇಲ್ಲ. ಮೂರೂ ಒಟ್ಟಿಗೆ ಕೂಗಿದಂತಾಗಿ ಕಣ್ಣಿಗೆ ಯಾವುದು ಮೊದಲೆಂದು ತಿಳಿಯುವುದಿಲ್ಲ. ಶಾಲೆಯ ಹೆಸರನ್ನು 10 ಮಿಲಿಮೀಟರಿಗೆ ಇಳಿಸಿ ಎಂದರೆ ಸಮಿತಿಯಲ್ಲಿ ಆಕ್ಷೇಪ ಬರಬಹುದು. ಪೋಸ್ಟರ್ ಶಾಲೆಯ ಗೋಡೆಯ ಮೇಲೆಯೇ ಇರುವುದಾದರೆ ಆ ಆಕ್ಷೇಪಕ್ಕೆ ಬಲವಿಲ್ಲ.

‘ವಾರ್ಷಿಕೋತ್ಸವ’ ಎಂಬ ಶೀರ್ಷಿಕೆಯನ್ನೇ ಹತ್ತಿರದಿಂದ ನೋಡಿ. ‘ರ್ಷಿ’ಯಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ಅರ್ಕಾವತ್ತು, ‘ತ್ಸ’ದಲ್ಲಿ ಸಾಲಿನ ಕೆಳಗೆ ಇಳಿದ ಒತ್ತು. ಈ ಒತ್ತು ಕೆಳಗಿನ ದಿನಾಂಕದ ಸಾಲನ್ನು ಮುಟ್ಟುವಂತಿದ್ದರೆ ಎರಡೂ ಕೆಡುತ್ತವೆ. ಹಾಗಾಗಿ ಅಂತರವನ್ನು ಮೂಲಾಕ್ಷರದ ಬುಡದಿಂದಲ್ಲ, ಒತ್ತಿನ ಬುಡದಿಂದ ಅಳೆಯಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ಒತ್ತು ಕೊಡಲು ಬೋಲ್ಡ್ ಮೊರೆಹೋಗುವುದು ಸಹಜ. ಆದರೆ ತೀರ ದಪ್ಪನೆಯ ಬೋಲ್ಡಿನಲ್ಲಿ ‘ಷ’ದ ಹೊಟ್ಟೆ ಮುಚ್ಚಿಹೋಗುತ್ತದೆ. ಶೀರ್ಷಿಕೆಗೆ ಬೋಲ್ಡ್, ದಿನಾಂಕಕ್ಕೆ ಅರೆ ಬೋಲ್ಡ್, ಉಳಿದುದಕ್ಕೆ ಸಾಮಾನ್ಯ ದಪ್ಪ ಸಾಕು. (ಕನ್ನಡ ಅಂಕಿಗಳನ್ನು ಬಳಸುವವರು ದಿನಾಂಕದಲ್ಲಿ ೬ ಮತ್ತು ೯ ದೂರದಿಂದ ಒಂದೇ ಥರ ಕಾಣುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಲಿ.)

ದಿನಾಂಕದ ಸುತ್ತ ಖಾಲಿ ಜಾಗ ಬಿಡಬೇಕೆನ್ನುವುದಕ್ಕೂ ಕಾರಣವಿದೆ. ದೃಷ್ಟಿ ಮತ್ತು ಓದಿನ ಸಂಶೋಧಕ ಹರ್ಮನ್ ಬೌಮಾ 1970ರಲ್ಲಿ ತೋರಿಸಿದಂತೆ, ದೃಷ್ಟಿಯ ಅಂಚಿನಲ್ಲಿರುವ ಅಕ್ಷರವನ್ನು ಅದರ ನೆರೆಯ ಆಕಾರಗಳು ಕದಡುತ್ತವೆ, ಮತ್ತು ಕದಡದಿರಲು ಬೇಕಾದ ಅಂತರ ಆ ಅಕ್ಷರ ನೋಟದ ಕೇಂದ್ರದಿಂದ ಎಷ್ಟು ದೂರವಿದೆಯೋ ಅದರ ಸುಮಾರು ಅರ್ಧ. ಶೀರ್ಷಿಕೆಯನ್ನು ನೋಡುತ್ತಿರುವವರಿಗೆ ದಿನಾಂಕ ನಾಲ್ಕು ಡಿಗ್ರಿ ಕೆಳಗಿದ್ದರೆ, ಅದರ ಸುತ್ತ ಎರಡು ಡಿಗ್ರಿಯೊಳಗೆ ಬಂದದ್ದೆಲ್ಲ ಅಡ್ಡಿಯೇ. ಅಷ್ಟು ಜಾಗ ಪೋಸ್ಟರಿನಲ್ಲಿ ಎಲ್ಲೆಡೆ ಸಿಗುವುದಿಲ್ಲ, ನಿಜ. ಆದರೆ ದಿನಾಂಕದ ಪಕ್ಕದಲ್ಲಿ ಅಲಂಕಾರದ ಹೂಬಳ್ಳಿ ತುಂಬದಿರುವುದು ನಮ್ಮ ಕೈಯಲ್ಲೇ ಇದೆ.

ಇನ್ನು ಲೋಗೊಗಳು. ಎಚ್ಚರಿಕೆಯಿಂದ ಕಟ್ಟಿದ ಶ್ರೇಣಿ ಮುರಿಯುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಅವು ಗಮನ ಸೆಳೆಯಲೆಂದೇ ರೂಪುಗೊಂಡಿರುತ್ತವೆ. ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದರೆ ನ್ಯಾಯವಾಯಿತೆಂದು ಭಾವಿಸುತ್ತೇವೆ. 30 ಮಿಲಿಮೀಟರ್ ಎತ್ತರದಲ್ಲಿ ಚೌಕ ಲೋಗೊ 900 ಚದರ ಮಿಲಿಮೀಟರ್ ಪಡೆದರೆ, ಎತ್ತರದ ನಾಲ್ಕು ಪಟ್ಟು ಅಗಲವಿರುವ ಲೋಗೊ 3600 ಪಡೆಯುತ್ತದೆ. ಎತ್ತರದ ಬದಲು ವಿಸ್ತೀರ್ಣವನ್ನು ಸಮ ಮಾಡುವುದು ಮೇಲು: 40 ಗುಣಿಸು 40ರ ಚೌಕ, 80 ಗುಣಿಸು 20ರ ಉದ್ದ ಲೋಗೊ, ಎರಡೂ 1600. ಆಮೇಲೆ ಕಣ್ಣಂದಾಜಿನಿಂದ ಸ್ವಲ್ಪ ತಿದ್ದಬೇಕು, ಏಕೆಂದರೆ ಭರ್ತಿ ಬಣ್ಣದ ಲೋಗೊ ತೆಳುಗೆರೆಯ ಲೋಗೊಗಿಂತ ಭಾರವಾಗಿ ಕಾಣುತ್ತದೆ. ಮುಖ್ಯ ಪ್ರಾಯೋಜಕರಿಗೆ ಎರಡು ಪಟ್ಟು ವಿಸ್ತೀರ್ಣ ಕೊಡುವುದಾದರೆ ಬದಿಗಳನ್ನು 1.4 ಪಟ್ಟು ಹಿಗ್ಗಿಸಿದರೆ ಸಾಕು. ಬಣ್ಣ ಬದಲಿಸುವ ಹಕ್ಕು ನಮಗಿಲ್ಲ, ಆದರೆ ಏಕವರ್ಣದ ರೂಪ ಇದ್ದರೆ ಅದನ್ನು ಕೇಳಿ ಪಡೆಯಬಹುದು. ಎಲ್ಲ ಲೋಗೊಗಳೂ ಏಕವರ್ಣವಾದರೆ ಆ ಪಟ್ಟಿ ತಾನಾಗಿಯೇ ಹಿಂದೆ ಸರಿಯುತ್ತದೆ. ಜಾಲತಾಣದಿಂದ ಇಳಿಸಿಕೊಂಡ ಚಿತ್ರವಾದರೆ, 80 ಮಿಲಿಮೀಟರ್ ಅಗಲದ ಒಳ್ಳೆಯ ಮುದ್ರಣಕ್ಕೆ ಸುಮಾರು 945 ಪಿಕ್ಸೆಲ್ ಬೇಕೆಂಬುದು ನೆನಪಿರಲಿ.

ಮುದ್ರಣಕ್ಕೆ ಕಳಿಸುವ ಮುನ್ನ ಪೋಸ್ಟರನ್ನು ಹತ್ತನೇ ಒಂದಕ್ಕೆ ಕುಗ್ಗಿಸಿ, ಅಂದರೆ 42 ಗುಣಿಸು 59 ಮಿಲಿಮೀಟರಿನ ಚೀಟಿಯಾಗಿ ಮುದ್ರಿಸಿ 60 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಕಣ್ಣಿಗೆ ಅದು ಆರು ಮೀಟರ್ ದೂರದ ಎ2 ಪೋಸ್ಟರಿನಷ್ಟೇ ಗಾತ್ರದ್ದು. ಶೀರ್ಷಿಕೆ ಓದಲು ಬರಬೇಕು. 30 ಸೆಂಟಿಮೀಟರಿಗೆ ತಂದಾಗ ದಿನಾಂಕ ಓದಲು ಬರಬೇಕು. ಬಳಿಕ ಕಣ್ಣು ಕಿರಿದು ಮಾಡಿ ನೋಡಿದಾಗ ಮೊದಲು ಎದ್ದು ಕಾಣುವುದು ಲೋಗೊ ಪಟ್ಟಿಯಾಗಿದ್ದರೆ ಅದನ್ನು ಕುಗ್ಗಿಸಬೇಕು, ದಿನಾಂಕವನ್ನು ಹಿಗ್ಗಿಸಿ ಸ್ಪರ್ಧೆಗಿಳಿಯಬಾರದು.

ಇದೇ ಪೋಸ್ಟರನ್ನು ಫೋನಿಗೆ ಕಳಿಸಿದರೆ ಲೆಕ್ಕ ಬದಲಾಗುತ್ತದೆ. ಏಳು ಸೆಂಟಿಮೀಟರ್ ಅಗಲದ ಪರದೆಯಲ್ಲಿ ಎಲ್ಲವೂ ಆರನೇ ಒಂದಕ್ಕೆ ಇಳಿಯುತ್ತದೆ: ಶೀರ್ಷಿಕೆ 6, ದಿನಾಂಕ 3, ಸ್ಥಳ 1.7 ಮಿಲಿಮೀಟರ್. ಒಂದು ಮಿಲಿಮೀಟರಿಗೆ ಕುಗ್ಗಿದ ವಿವರಗಳಲ್ಲಿ ಒತ್ತಕ್ಷರಗಳು ಉಳಿಯುವುದಿಲ್ಲ. ಫೋನಿಗೆಂದು ಶೀರ್ಷಿಕೆ, ದಿನಾಂಕ, ಸ್ಥಳ ಮತ್ತು ಲೋಗೊ ಮಾತ್ರವಿರುವ ಇನ್ನೊಂದು ಪ್ರತಿ ಮಾಡಿ, ಸ್ಥಳದ ಸಾಲನ್ನು ದಿನಾಂಕದ ಮೂರನೇ ಎರಡರಷ್ಟಕ್ಕೆ ಏರಿಸುವುದು ವಾಸಿ.