ಥಾಯ್ಲೆಂಡ್‌ನ ಖಜಾನೆಯಲ್ಲಿ ಇದ್ದೂ ಇಲ್ಲದ ಡಾಲರ್‌ಗಳು

1997ರ ಜೂನ್ 30ರಂದು ಥಾಯ್ಲೆಂಡ್ ಪ್ರಧಾನಿ ಚವಲಿತ್ ಯೊಂಗ್‌ಚೈಯುತ್ ಅವರು ದೇಶದ ಕರೆನ್ಸಿ ಬಹ್ತ್‌ನ ಅಪಮೌಲ್ಯ ಮಾಡುವುದಿಲ್ಲವೆಂದು ಜನರಿಗೆ ಭರವಸೆ ಕೊಟ್ಟರು. ಎರಡೇ ದಿನಗಳಲ್ಲಿ, ಜುಲೈ 2ರಂದು, ಬಹ್ತ್‌ನ ಸ್ಥಿರ ದರವನ್ನು ಕೈಬಿಡಲಾಯಿತು. ಆ ಹೊತ್ತಿಗೂ ಕೇಂದ್ರ ಬ್ಯಾಂಕಿನ ಲೆಕ್ಕದಲ್ಲಿ 3,200 ಕೋಟಿ ಡಾಲರ್‌ಗೂ ಹೆಚ್ಚು ವಿದೇಶಿ ವಿನಿಮಯ ಮೀಸಲು ಕಾಣುತ್ತಿತ್ತು. ಅಷ್ಟು ಹಣವಿದ್ದ ದೇಶ ಸೋತದ್ದು ಹೇಗೆ?

1984ರಿಂದ ಬಹ್ತ್‌ನ ಬೆಲೆಯನ್ನು ಡಾಲರ್‌ಗೇ ಹೆಚ್ಚಿನ ತೂಕವಿದ್ದ ಕರೆನ್ಸಿಗಳ ಗುಚ್ಛಕ್ಕೆ ಕಟ್ಟಿಹಾಕಲಾಗಿತ್ತು. ಒಂದು ಡಾಲರ್‌ಗೆ ಸುಮಾರು 25 ಬಹ್ತ್, ವರ್ಷಗಟ್ಟಲೆ ಹೆಚ್ಚುಕಡಿಮೆ ಅದೇ ದರ. ಅದನ್ನು ನಂಬಿ ಥಾಯ್ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಕಡಿಮೆ ಬಡ್ಡಿಗೆ ಡಾಲರ್ ಸಾಲ ತಂದು, ಬ್ಯಾಂಕಾಕ್‌ನ ಕಟ್ಟಡ ನಿರ್ಮಾಣಕ್ಕೆ ಬಹ್ತ್‌ನಲ್ಲಿ ಹೆಚ್ಚಿನ ಬಡ್ಡಿಗೆ ಕೊಟ್ಟವು. 1996ರಲ್ಲಿ ರಫ್ತು ನಿಂತ ನೀರಾಯಿತು. ಹೊರದೇಶಗಳೊಡನೆಯ ವಹಿವಾಟಿನಲ್ಲಿ ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿ, ಚಾಲ್ತಿ ಖಾತೆಯ ಕೊರತೆ ಜಿಡಿಪಿಯ ಶೇ 8ರ ಆಸುಪಾಸಿನಲ್ಲಿತ್ತು. ಈ ದರ ಬಹಳ ಕಾಲ ನಿಲ್ಲದು ಎಂಬ ಅನುಮಾನ ಹುಟ್ಟಿದ್ದು ಇಲ್ಲಿಂದ.

ದರ ಮುರಿಯುತ್ತದೆಂದು ಪಣ ಕಟ್ಟಿದ ಸಟ್ಟಾ ವ್ಯಾಪಾರಿಗಳು ಬಹ್ತ್ ಮೇಲೆ ದಾಳಿಗಿಳಿದರು. ಆ ದಾಳಿಯ ಲೆಕ್ಕ ಸರಳ. ಸಟ್ಟಾ ವ್ಯಾಪಾರಿ 25 ಕೋಟಿ ಬಹ್ತ್ ಸಾಲ ಪಡೆದು, ಅದನ್ನು ಮಾರಿ ಒಂದು ಕೋಟಿ ಡಾಲರ್ ಕೊಳ್ಳುತ್ತಾನೆ ಎಂದುಕೊಳ್ಳಿ. ದರ ಮುರಿದು ಡಾಲರ್‌ಗೆ 30 ಬಹ್ತ್ ಆದರೆ, ಸುಮಾರು 83 ಲಕ್ಷ ಡಾಲರ್‌ನಲ್ಲೇ ಅಸಲು ತೀರುತ್ತದೆ. ಉಳಿದ 17 ಲಕ್ಷದಲ್ಲಿ ಬಡ್ಡಿ ಕಳೆದದ್ದು ಲಾಭ. ದರ ಮುರಿಯದಿದ್ದರೆ ಅವನು ಕಳೆದುಕೊಳ್ಳುವುದು ಕೆಲವು ವಾರಗಳ ಬಡ್ಡಿಯನ್ನು ಮಾತ್ರ. ಎದುರಿಗಿರುವ ಕೇಂದ್ರ ಬ್ಯಾಂಕಿಗೆ ಅಂಥ ಅನುಕೂಲವಿಲ್ಲ. ದರ ಉಳಿಯಬೇಕಾದರೆ ಮಾರಲು ಬಂದ ಬಹ್ತನ್ನೆಲ್ಲ ಅದೇ ಕೊಳ್ಳಬೇಕು, ಪ್ರತಿಯಾಗಿ ಡಾಲರ್ ಎಣಿಸಿ ಕೊಡಬೇಕು. ಬಹ್ತನ್ನು ಅದು ಎಷ್ಟು ಬೇಕಾದರೂ ಮುದ್ರಿಸಬಹುದು, ಡಾಲರನ್ನು ಮುದ್ರಿಸಲಾಗದು.

ಇದಕ್ಕೆ ಇರುವ ಮಾಮೂಲಿ ಮದ್ದು ಬಡ್ಡಿ ಏರಿಸುವುದು. ಕೇಂದ್ರ ಬ್ಯಾಂಕ್ ಬಹ್ತ್ ಕೊಂಡಷ್ಟೂ ಪೇಟೆಯಲ್ಲಿ ಅದರ ಹರಿವು ಬತ್ತುತ್ತದೆ, ಬಡ್ಡಿ ತಾನಾಗಿಯೇ ಏರುತ್ತದೆ, ಸಾಲ ಮಾಡಿ ಮಾರುವವನಿಗೆ ಅದು ದುಬಾರಿಯಾಗುತ್ತದೆ. ಆದರೆ ಅದೇ ಬಡ್ಡಿ ಆಗಲೇ ಕುಸಿಯುತ್ತಿದ್ದ ಫೈನಾನ್ಸ್ ಕಂಪನಿಗಳನ್ನು ಮುಳುಗಿಸುತ್ತಿತ್ತು. ಅದನ್ನು ತಪ್ಪಿಸಲು ಕೇಂದ್ರ ಬ್ಯಾಂಕ್ ಸ್ವಾಪ್ ವ್ಯವಹಾರಕ್ಕೆ ಇಳಿಯಿತು. ಬೆಳಿಗ್ಗೆ ದರ ಕಾಯಲು ಡಾಲರ್ ಮಾರುವುದು. ಆಮೇಲೆ ಅಷ್ಟೇ ಡಾಲರನ್ನು ಬಹ್ತ್ ಕೊಟ್ಟು ವಾಪಸ್ ಪಡೆಯುವುದು, ಜೊತೆಗೆ ಕೆಲವು ತಿಂಗಳ ನಂತರ ನಿಗದಿತ ದರದಲ್ಲಿ ಆ ಡಾಲರನ್ನು ಹಿಂದಿರುಗಿಸುವ ಮುಂಗಡ ಒಪ್ಪಂದಕ್ಕೆ ಸಹಿ ಹಾಕುವುದು. ಪೇಟೆಗೆ ಬಹ್ತ್ ಮರಳಿತು, ಬಡ್ಡಿ ತಗ್ಗಿತು, ಮೀಸಲಿನ ಅಂಕಿಯೂ ಇದ್ದಲ್ಲೇ ಉಳಿಯಿತು. ಆದರೆ ಆ ಡಾಲರ್‌ಗಳ ಒಡೆತನ ಆಗಲೇ ಬೇರೆಯವರದಾಗಿತ್ತು. ಇಡೀ ಬಿಕ್ಕಟ್ಟಿನ ಕೀಲಿ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

1997ರ ಮೇ 14ರಂದು ದಾಳಿ ತಾರಕಕ್ಕೇರಿ, ಒಂದೇ ದಿನದಲ್ಲಿ ಸುಮಾರು 1,000 ಕೋಟಿ ಡಾಲರ್ ಸುರಿಯಬೇಕಾಯಿತು. ಮರುದಿನ ವಿದೇಶಿ ವ್ಯಾಪಾರಿಗಳಿಗೆ ಬಹ್ತ್ ಸಾಲ ಕೊಡಕೂಡದೆಂದು ಸ್ಥಳೀಯ ಬ್ಯಾಂಕುಗಳಿಗೆ ಆದೇಶ ಹೋಯಿತು. ದೇಶದ ಹೊರಗೆ ಬಹ್ತ್ ಸಾಲದ ಬಡ್ಡಿ ಗಗನಕ್ಕೇರಿ ಸಟ್ಟಾ ವ್ಯಾಪಾರಿಗಳು ದೊಡ್ಡ ಪೆಟ್ಟನ್ನೇ ತಿಂದರು. ಥಾಯ್ಲೆಂಡ್ ಗೆದ್ದಿತೆಂದು ಆಗ ಹಲವರು ಭಾವಿಸಿದ್ದರು. ಆದರೆ ಡಾಲರ್ ಸಾಲ ಹೊತ್ತಿದ್ದ ಥಾಯ್ ಕಂಪನಿಗಳೇ ಈಗ ಗಾಬರಿಯಿಂದ ಡಾಲರ್ ಕೊಳ್ಳತೊಡಗಿದವು. ಅವರದು ದಾಳಿಯಲ್ಲ, ಆತ್ಮರಕ್ಷಣೆ. ಮೀಸಲು ಮಾತ್ರ ಅದರಿಂದಲೂ ಅಷ್ಟೇ ಕರಗಿತು.

ಜೂನ್ 19ರಂದು ಹಣಕಾಸು ಸಚಿವ ಅಮ್ನುವೈ ವಿರವನ್ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ತನೋಂಗ್ ಬಿದಯ ಅವರ ಮುಂದೆ ನಿಜವಾದ ಲೆಕ್ಕ ಬಂತು. ಮುಂಗಡ ಒಪ್ಪಂದಗಳ ಬಾಕಿಯನ್ನು ಕಳೆದರೆ ದೇಶದ ಕೈಯಲ್ಲಿ ಉಳಿದಿದ್ದದ್ದು ಸುಮಾರು 280 ಕೋಟಿ ಡಾಲರ್ ಮಾತ್ರ. ಆ ಒಪ್ಪಂದಗಳು ಒಂದೊಂದಾಗಿ ಗಡುವು ಮುಟ್ಟಲಿದ್ದವು. ಸ್ಥಿರ ದರ ಬಿಡದೆ ಬೇರೆ ದಾರಿ ಇರಲಿಲ್ಲ. 1998ರ ಜನವರಿಯಲ್ಲಿ ಒಂದು ಡಾಲರ್‌ಗೆ 50ಕ್ಕೂ ಹೆಚ್ಚು ಬಹ್ತ್ ತೆರಬೇಕಾಯಿತು. ಡಾಲರ್ ಸಾಲಗಾರರ ಹೊರೆ ದುಪ್ಪಟ್ಟಾಯಿತು, 56 ಫೈನಾನ್ಸ್ ಕಂಪನಿಗಳು ಬಾಗಿಲು ಮುಚ್ಚಿದವು. ಬೇಗ ಬಿಟ್ಟಿದ್ದರೂ ನೋವು ತಪ್ಪುತ್ತಿರಲಿಲ್ಲ. ಆದರೆ ಕೆಲವರೇ ಸಹಿ ಹಾಕಿ ದೇಶದ ಡಾಲರ್‌ಗಳನ್ನು ಅಡವಿಡುತ್ತಿದ್ದಾಗ ಅದನ್ನು ಜನರಿಂದ ಮುಚ್ಚಿಟ್ಟದ್ದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಈ ಅನುಭವದ ನಂತರ ಅಂತರರಾಷ್ಟ್ರೀಯ ಹಣಕಾಸು ನಿಧಿ, ಮೀಸಲಿನ ಜೊತೆಗೆ ಮುಂಗಡ ಬಾಧ್ಯತೆಗಳನ್ನೂ ಪ್ರಕಟಿಸುವ ನಮೂನೆಯನ್ನು ರೂಪಿಸಿತು. ನಮ್ಮ ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲೂ ಮುಂಗಡ ಡಾಲರ್ ಮಾರಾಟದ ಬಾಕಿ ಎಷ್ಟೆಂಬ ಲೆಕ್ಕ ಇರುತ್ತದೆ. ಸುದ್ದಿಯಲ್ಲಿ ಬರುವ ಒಟ್ಟು ಮೀಸಲಿನ ಅಂಕಿಯಿಂದ ಅದನ್ನು ಕಳೆದು ನೋಡಲು ಯಾರಿಗೂ ಅಡ್ಡಿಯಿಲ್ಲ.